ಜಾಮೀನೇ ಇಲ್ಲದ ಸಂಘದ ಸಾಲ ವಾಪಸು ಬರುವುದು ಹೇಗೆ?

ಅನಂತ, ವಿಜಯನಗರ

ನಾನು ಒಂದು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಕ್ರಯಪತ್ರ, ಖಾತಾ, ಋಣಭಾರ ಪತ್ರ, ತೆರಿಗೆ ಲೆಕ್ಕ ಎಲ್ಲವನ್ನೂ ಜಾಲಾಡಿದ ಮೇಲೂ ವಕೀಲರ ಅಭಿಪ್ರಾಯ ಬರದೆ ಕಡತ ಮುಂದೆ ಹೋಗುವುದಿಲ್ಲ. ಅದೇ ಶಾಖೆಯಲ್ಲಿ ಕಳೆದ ತಿಂಗಳು ಲಗ್ಗೆರೆಯ ಹದಿನೈದು ಮಹಿಳೆಯರ ಸ್ವಸಹಾಯ ಸಂಘವೊಂದಕ್ಕೆ ಎರಡು ಲಕ್ಷ ರೂಪಾಯಿ ಮಂಜೂರಾಯಿತು. ಆಸ್ತಿ ಪತ್ರವಿಲ್ಲ, ಜಾಮೀನುದಾರರಿಲ್ಲ, ಒಡವೆ ಅಡವಿಟ್ಟಿಲ್ಲ. ಬಹುತೇಕ ಎಲ್ಲರೂ ಬಾಡಿಗೆ ಮನೆಯವರು. ನಮ್ಮ ವ್ಯವಸ್ಥಾಪಕರು ಮಾತ್ರ ನಿಶ್ಚಿಂತರಾಗಿದ್ದಾರೆ.

ಇದನ್ನು ಅನುಮಾನದಿಂದ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದೇನೆ. ಸಾಲ ತೀರಿಸದಿದ್ದರೆ ಹರಾಜು ಹಾಕಲು ಏನೂ ಇಲ್ಲದಿರುವಾಗ, ಈ ಹಣ ಯಾವ ಬಲದಿಂದ ವಾಪಸು ಬರುತ್ತದೆ?

ಪ್ರದೀಪ, ಹೆಬ್ಬಾಳ

ಮರ್ಯಾದೆಯ ಬಲದಿಂದ, ಅನಂತ್. ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೀದಿಯವರೆಲ್ಲ ನೋಡುತ್ತಾರೆ. ಬ್ಯಾಂಕಿನ ನೋಟಿಸಿಗೆ ಹೆದರದವರು ಪಕ್ಕದ ಮನೆಯವರ ಮಾತಿಗೆ ಹೆದರುತ್ತಾರೆ. ಎಲ್ಲರೂ ಎಲ್ಲರಿಗೂ ಜಾಮೀನು. ಇಷ್ಟೇ ವಿಷಯ.

ಸುಬ್ಬರಾವ್, ಬಸವನಗುಡಿ

ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಸೇವೆಯ ಬಹುಭಾಗ ಕಳೆದದ್ದು ಕೋಲಾರ, ಚಿಂತಾಮಣಿ ಕಡೆಯ ಶಾಖೆಗಳಲ್ಲಿ.

ಪ್ರದೀಪ ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಕೊನೆಯಲ್ಲಿ ಬರುವ ಸಂಗತಿ. ಕಂತು ತಪ್ಪಿದ ಮೇಲೆ ತಾನೇ ಮರ್ಯಾದೆಯ ಪ್ರಶ್ನೆ ಏಳುವುದು? ಸಾಲ ಬರುತ್ತದೋ ಮುಳುಗುತ್ತದೋ ಎಂಬುದು ಬಹುಪಾಲು ಅದಕ್ಕಿಂತ ಮೊದಲೇ, ಯಾರನ್ನು ಗುಂಪಿಗೆ ಸೇರಿಸಿಕೊಂಡರು ಎಂಬಲ್ಲೇ ತೀರ್ಮಾನವಾಗಿರುತ್ತದೆ.

ಬ್ಯಾಂಕು ಆಸ್ತಿ ಪತ್ರ ಕೇಳುವುದು ಏಕೆ? ಎದುರಿಗೆ ಕುಳಿತವರು ಎಂಥವರು ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿರುವುದಕ್ಕೆ ಬದಲಾಗಿ ಪತ್ರ ಹಿಡಿದುಕೊಳ್ಳುತ್ತದೆ. ಆದರೆ ಒಂದೇ ಬೀದಿಯಲ್ಲಿ ನೀರು ಹಿಡಿಯುವ ಮಹಿಳೆಗೆ, ಯಾರ ಗಂಡ ದುಡಿದು ತರುತ್ತಾನೆ, ಯಾರ ಮನೆಯಲ್ಲಿ ಕುಡಿತವಿದೆ, ಯಾರು ಅಂಗಡಿಯ ಉದ್ರಿಯನ್ನು ತಿಂಗಳ ಕೊನೆಗೆ ತೀರಿಸುತ್ತಾರೆ ಎಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಬ್ಯಾಂಕು ಎಷ್ಟು ಖರ್ಚು ಮಾಡಿದರೂ ಸಂಪಾದಿಸಲಾರದು. ತನ್ನ ಹಣಕ್ಕೂ ಕುತ್ತು ಬರುತ್ತದೆ ಎಂದಾದರೆ ಆ ಮಹಿಳೆ ತಕ್ಕವರನ್ನೇ ಆರಿಸುತ್ತಾಳೆ.

ಈ ಪದ್ಧತಿ ಕಚೇರಿಯಲ್ಲಿ ಕುಳಿತು ರೂಪಿಸಿದ್ದಲ್ಲ. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ನಡೆಸುತ್ತಿತ್ತು. ಅವು ಒಡೆದವು. ಆಗ ಸದಸ್ಯರೇ ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಮ್ಮ ನಮ್ಮ ಗುಂಪಿಗೆ ಕಟ್ಟುತ್ತೇವೆ ಎಂದರು. ಪರಸ್ಪರ ನಂಬಿಕೆ ಇದ್ದವರು ತಾವಾಗಿಯೇ ಒಂದಾಗಿದ್ದರು. 1987ರಲ್ಲಿ ನಬಾರ್ಡ್ ಈ ಗುಂಪುಗಳಿಗಾಗಿ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಐನೂರು ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ನಿಮ್ಮ ಶಾಖೆಯ ಎರಡು ಲಕ್ಷದ ಮೂಲ ಅಲ್ಲಿದೆ.

ಶಾರದಾ, ಕಾಮಾಕ್ಷಿಪಾಳ್ಯ

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಸಂಘದ ಪ್ರತಿನಿಧಿಯೂ ಹೌದು. ಸುಬ್ಬರಾವ್ ಸರ್ ಹೇಳಿದ ಹಾಗೆಯೇ ನಮ್ಮಲ್ಲೂ ನಡೆಯಿತು, ಅದನ್ನು ಬರೆಯುತ್ತೇನೆ.

ನಾವು ಹದಿನೈದು ಜನ. ತಿಂಗಳಿಗೆ ತಲಾ ಇನ್ನೂರು ರೂಪಾಯಿ ಉಳಿತಾಯ. ಮೊದಲ ತಿಂಗಳು ಮೂರು ಸಾವಿರ ಕೂಡಿತು. ಅದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಅವತ್ತೇ ಒಬ್ಬರಿಗೆ ಮಗಳ ಪುಸ್ತಕ, ಸಮವಸ್ತ್ರಕ್ಕೆಂದು ಎರಡು ಸಾವಿರ ಕೊಟ್ಟೆವು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಲವತ್ತು ರೂಪಾಯಿ ಬಡ್ಡಿ ಬಂದ ದಿನ ಎಲ್ಲರಿಗೂ ಖುಷಿಯಾಯಿತು, ಏಕೆಂದರೆ ಅದು ಹೊರಗಿನವರ ಜೇಬಿಗೆ ಹೋಗದೆ ನಮ್ಮ ಪುಸ್ತಕದಲ್ಲೇ ಉಳಿಯಿತು. ಒಂದೂವರೆ ವರ್ಷದಲ್ಲಿ ನಮ್ಮದೇ ಉಳಿತಾಯ 54,000 ಆಯಿತು. ಆಮೇಲಷ್ಟೇ ಬ್ಯಾಂಕಿಗೆ ಹೋದೆವು.

ಬ್ಯಾಂಕಿನವರು ಆಸ್ತಿ ಕೇಳಲಿಲ್ಲ ನಿಜ. ಆದರೆ ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ ಮೂರನ್ನೂ ಪುಟ ಪುಟವಾಗಿ ನೋಡಿದರು. ಸಾಲ ಬಂದಾಗಲೂ ಎಲ್ಲರಿಗೂ ಸಮನಾಗಿ ಹಂಚಲಿಲ್ಲ. ಒಬ್ಬರು ಮನೆಯಲ್ಲೇ ಹೊಲಿಗೆ ಮಾಡಲು ಎರಡು ಪವರ್ ಮಷಿನ್ ತೆಗೆದುಕೊಳ್ಳಲು 40,000 ಕೇಳಿದರು, ಕೊಟ್ಟೆವು. ಇನ್ನೊಬ್ಬರು ಅಷ್ಟೇ ಕೇಳಿದರು, ಕೊಡಲಿಲ್ಲ. ಅವರ ಯಜಮಾನರು ಆಗಲೇ ಮೀಟರ್ ಬಡ್ಡಿಯವರ ಹತ್ತಿರ ಸಾಲ ಮಾಡಿದ್ದು ನಮಗೆ ಗೊತ್ತಿತ್ತು, ಈ ದುಡ್ಡು ಸೀದಾ ಅಲ್ಲಿಗೆ ಹೋಗುತ್ತಿತ್ತು. ಹತ್ತು ಸಾವಿರ ಮಾತ್ರ ಕೊಟ್ಟು, ಅದು ತೀರಿದ ಮೇಲೆ ನೋಡೋಣ ಎಂದೆವು. ಅವತ್ತು ಅವರು ಅತ್ತರು, ನಮಗೂ ಬೇಸರವಾಯಿತು. ಆದರೆ ಬ್ಯಾಂಕಿನವರಿಗೆ ಈ ಸಂಗತಿ ಎಂದೂ ತಿಳಿಯುತ್ತಿರಲಿಲ್ಲ.

ಮಹದೇವ, ಕೆಂಗೇರಿ

ಇದೆಲ್ಲ ಸರಿ. ಆದರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಸಂಘದ ಸಾಲವನ್ನೆಲ್ಲ ಮನ್ನಾ ಮಾಡಿತಲ್ಲ? ನಮ್ಮ ಅತ್ತಿಗೆ ಇನ್ನೂ ವಾರ ವಾರ ಕಂತು ಕಟ್ಟುತ್ತಿದ್ದಾರೆ. ಯಾರಿಗೆ ಅರ್ಜಿ ಕೊಡಬೇಕು?

ಸುಬ್ಬರಾವ್, ಬಸವನಗುಡಿ

ಮಹದೇವ ಅವರೇ, ದಯವಿಟ್ಟು ಅತ್ತಿಗೆಯವರಿಗೆ ಕಂತು ನಿಲ್ಲಿಸಲು ಹೇಳಬೇಡಿ. ಆ ಕಾನೂನು ಬಂದದ್ದು ಸಾಲಗಾರರಿಗೆ ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು. ಅದರಲ್ಲಿ ಸಾಲ ತೀರಿದಂತೆ ಎಂದು ಹೇಳಿರುವುದು ನೋಂದಣಿ, ಪರವಾನಗಿ ಇಲ್ಲದೆ ಸಾಲ ಕೊಟ್ಟವರ ವಿಷಯದಲ್ಲಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಅಥವಾ ಬ್ಯಾಂಕಿನ ಸಾಲ ಅದರಿಂದ ಮನ್ನಾ ಆಗಿಲ್ಲ. ಸಾಲದ ಕಾರ್ಡಿನ ಮೇಲೆ ಯಾವ ಸಂಸ್ಥೆಯ ಹೆಸರಿದೆ ಎಂದು ಮೊದಲು ನೋಡಿ. ಕಂತು ನಿಂತರೆ ಕ್ರೆಡಿಟ್ ವರದಿಯಲ್ಲಿ ಸುಸ್ತಿ ಎಂದು ದಾಖಲಾಗಿ, ಅವರಿಗೆ ಮುಂದೆ ಎಲ್ಲಿಯೂ ಸಾಲ ಹುಟ್ಟದಂತಾಗುತ್ತದೆ.

ಕಿರಣ್, ಯಲಹಂಕ

ನಾನು ಕೆಲವು ವರ್ಷ ಒಂದು ಕಿರುಸಾಲ ಸಂಸ್ಥೆಯಲ್ಲಿ ಕ್ಷೇತ್ರ ಅಧಿಕಾರಿಯಾಗಿದ್ದೆ. ಇಲ್ಲಿ ಎರಡು ಬೇರೆ ಪದ್ಧತಿಗಳು ಒಂದರೊಳಗೊಂದು ಬೆರೆಯುತ್ತಿವೆ. ಶಾರದಾ ಅಕ್ಕ ಹೇಳಿದ್ದು ಸ್ವಸಹಾಯ ಸಂಘ. ಅಲ್ಲಿ ಸಾಲ ಸಂಘದ ಹೆಸರಿನಲ್ಲಿ, ಯಾರಿಗೆ ಎಷ್ಟು ಎಂದು ನಿರ್ಧರಿಸುವವರೂ ಅವರೇ. ಮಹದೇವ ಅವರ ಅತ್ತಿಗೆಯದು ವಾರದ ಕಂತು ಎಂದರೆ ಬಹುಶಃ ಐದೈದು ಜನರ ಜಂಟಿ ಹೊಣೆಗಾರಿಕೆಯ ಗುಂಪು. ಅಲ್ಲಿ ಉಳಿತಾಯವಿಲ್ಲ. ಸಾಲ ಪ್ರತಿಯೊಬ್ಬರ ಹೆಸರಿನಲ್ಲಿ ಸಂಸ್ಥೆಯಿಂದಲೇ ಬರುತ್ತದೆ, ಒಬ್ಬರು ತಪ್ಪಿದರೆ ಉಳಿದವರು ತುಂಬಿಕೊಡುತ್ತೇವೆ ಎಂದು ಒಪ್ಪಿರುತ್ತಾರೆ.

ಈ ಎರಡನೆಯ ಪದ್ಧತಿಯಲ್ಲಿ ಹಣ ವಾಪಸು ಬರುವುದು ಮುಖ್ಯವಾಗಿ ಮುಂದಿನ ಸಾಲದ ಆಸೆಯಿಂದ ಎಂಬುದು ನನ್ನ ಅನುಭವ. ಈಗ ಚಿಕ್ಕದು, ತೀರಿಸಿದರೆ ಇನ್ನೂ ದೊಡ್ಡದು. ಅದು ಎಲ್ಲಿಯವರೆಗೆ ಎಳೆಯುತ್ತದೆ, ಎಲ್ಲಿ ತುಂಡಾಗುತ್ತದೆ ಎಂದು ಒಂದು ಲೆಕ್ಕ ತೋರಿಸುತ್ತೇನೆ.

ಐದು ಜನರಿಗೆ ತಲಾ 50,000 ಸಾಲ, ವರ್ಷಕ್ಕೆ 24 ಶೇಕಡಾ ಇಳಿಕೆ ಬಡ್ಡಿ, 24 ತಿಂಗಳು ಎಂದುಕೊಳ್ಳಿ. ತಿಂಗಳ ಕಂತು ಸುಮಾರು 2,640. ಒಬ್ಬರು ತಪ್ಪಿದರೆ ಉಳಿದ ನಾಲ್ವರಿಗೆ ತಲಾ 660 ಹೆಚ್ಚು ಬೀಳುತ್ತದೆ. ಗೊಣಗಿಕೊಂಡಾದರೂ ಕೊಡುತ್ತಾರೆ. ಇಬ್ಬರು ತಪ್ಪಿದರೆ ಮೂವರಿಗೆ ತಲಾ 1,760 ಹೆಚ್ಚು, ಅಂದರೆ ಕಂತು 4,400. ಇಲ್ಲಿ ಜಗಳ ಶುರುವಾಗುತ್ತದೆ. ಮೂವರು ತಪ್ಪಿದರೆ ಉಳಿದ ಇಬ್ಬರು ತಲಾ 6,600 ಕಟ್ಟಬೇಕು. ಯಾವ ಮುಂದಿನ ಸಾಲಕ್ಕೂ ಅಷ್ಟು ಬೆಲೆಯಿಲ್ಲ. ಕಟ್ಟುವ ಶಕ್ತಿಯಿದ್ದ ಆ ಇಬ್ಬರೂ ನಿಲ್ಲಿಸಿಬಿಡುತ್ತಾರೆ. ಒಬ್ಬರ ಕಷ್ಟವನ್ನು ಹೊರುವ ಗುಂಪು ಮೂವರ ಕಷ್ಟವನ್ನು ಹೊರಲಾರದು. ಆಗ ಜಂಟಿ ಹೊಣೆ ಸಾಲವನ್ನು ಕಾಪಾಡುವ ಬದಲು ಒಳ್ಳೆಯ ಸಾಲಗಾರರನ್ನೂ ಸುಸ್ತಿದಾರರನ್ನಾಗಿ ಮಾಡುತ್ತದೆ.

ಪ್ರದೀಪ, ಹೆಬ್ಬಾಳ

ಮೂವರು ಒಟ್ಟಿಗೆ ತಪ್ಪುವುದು ಎಷ್ಟು ಸಲ ಆಗುತ್ತದೆ? ಒಬ್ಬರಿಗೆ ಕಾಯಿಲೆ, ಒಬ್ಬರ ಮನೆಯಲ್ಲಿ ಮದುವೆ, ಇವೆಲ್ಲ ಬೇರೆ ಬೇರೆ ಕಾಲಕ್ಕೆ ಬರುವ ಖರ್ಚುಗಳಲ್ಲವೇ?

ಸುಬ್ಬರಾವ್, ಬಸವನಗುಡಿ

ಬೇರೆ ಬೇರೆ ಕಾಲಕ್ಕೆ ಬಂದರೆ ಗುಂಪು ತಡೆದುಕೊಳ್ಳುತ್ತದೆ, ಅದಕ್ಕಾಗಿಯೇ ಗುಂಪು. ಕಷ್ಟ ಎಲ್ಲರಿಗೂ ಒಂದೇ ದಿನ ಬಂದಾಗ ಕೆಡುತ್ತದೆ. ಐವರೂ ಒಂದೇ ಗಾರ್ಮೆಂಟ್ ಕಾರ್ಖಾನೆಯವರಾಗಿದ್ದು ಕಾರ್ಖಾನೆಗೆ ಬೀಗ ಬಿದ್ದರೆ ಯಾರು ಯಾರಿಗೆ ಕಟ್ಟುವುದು? ಕೊರೋನಾ ಕಾಲದಲ್ಲಿ ಇದನ್ನು ಎಲ್ಲರೂ ನೋಡಿದ್ದೇವೆ.

ಅದಕ್ಕೂ ಹಿಂದಿನದನ್ನು ನೆನಪಿಸುತ್ತೇನೆ. 2009ರಲ್ಲಿ ಕೋಲಾರ, ರಾಮನಗರದ ಕಡೆ ರೇಷ್ಮೆ ಕಸುಬು ಕುಸಿದಿತ್ತು. ಒಬ್ಬೊಬ್ಬರ ಮೇಲೆ ಹಲವು ಸಂಸ್ಥೆಗಳ ಸಾಲವಿತ್ತು. ಕೆಲವು ಊರುಗಳಲ್ಲಿ ಸಮುದಾಯದ ಸಮಿತಿಗಳೇ ಕಂತು ಕಟ್ಟಬೇಡಿ ಎಂದವು. ವರ್ಷಗಟ್ಟಲೆ ಒಂದು ಕಂತೂ ತಪ್ಪಿಸದ ಮಹಿಳೆಯರು ನಿಲ್ಲಿಸಿದರು. ಕಟ್ಟುವ ಮನಸ್ಸಿದ್ದವರಿಗೂ ಕಟ್ಟಲಾಗಲಿಲ್ಲ, ಬೀದಿಯವರನ್ನು ಎದುರು ಹಾಕಿಕೊಳ್ಳುವುದು ಹೇಗೆ? ಕಂತು ಕಟ್ಟಿಸಿದ್ದ ನೆರೆಹೊರೆಯ ಕಟ್ಟುಪಾಡೇ ಅವತ್ತು ಕಂತನ್ನು ನಿಲ್ಲಿಸಿತು. ಮರ್ಯಾದೆಯೇ ಎಲ್ಲ ಎನ್ನುವವರು ಇದನ್ನು ಯೋಚಿಸಬೇಕು. ಯಾವುದು ಮರ್ಯಾದೆ ಎಂದು ತೀರ್ಮಾನಿಸುವುದು ಬೀದಿ, ಬ್ಯಾಂಕಲ್ಲ.

ಅನಂತ, ವಿಜಯನಗರ

ಸರ್, ಕಿರಣ್, ಇಬ್ಬರಿಗೂ ಧನ್ಯವಾದ. ನನ್ನ ಸಂಶಯ ಈಗ ಬೆಂಗಳೂರಿನ ಬಗ್ಗೆ ಹೆಚ್ಚಾಯಿತು. ಹಳ್ಳಿಯಲ್ಲಿ ತಲೆತಲಾಂತರದ ಪರಿಚಯವಿರುತ್ತದೆ. ಇಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರು. ಬಾಡಿಗೆ ಏರಿದರೆ ಲಗ್ಗೆರೆಯವರು ನೆಲಮಂಗಲಕ್ಕೆ ಹೋಗುತ್ತಾರೆ. ಬೀದಿಯೇ ಬದಲಾದರೆ ಬೀದಿಯ ತಿಳಿವಳಿಕೆಗೆ ಏನು ಬೆಲೆ?

ಶಾರದಾ, ಕಾಮಾಕ್ಷಿಪಾಳ್ಯ

ಅನಂತ್ ಸರ್, ನಮಗೂ ಹೀಗೆ ಆಯಿತು. ಒಬ್ಬ ಸದಸ್ಯೆ ಹೇಳದೆ ಮನೆ ಖಾಲಿ ಮಾಡಿದರು. ಸಂಘದಿಂದ ಪಡೆದಿದ್ದ 20,000ದಲ್ಲಿ 11,000 ಬಾಕಿ ಇತ್ತು. ಭಾನುವಾರದ ಸಭೆಯಲ್ಲಿ ಅವರ ಜಾಗ ಖಾಲಿ ಇದ್ದದ್ದರಿಂದಲೇ ವಿಷಯ ಗೊತ್ತಾಯಿತು. ತಿಂಗಳಿಗೊಮ್ಮೆ ಬ್ಯಾಂಕಿಗೆ ಕಟ್ಟುವುದಷ್ಟೇ ಆಗಿದ್ದರೆ ತಿಳಿಯಲು ಎಷ್ಟು ದಿನ ಹಿಡಿಯುತ್ತಿತ್ತೋ.

ಇಬ್ಬರು ಸಿಟ್ಟಿನಿಂದ, ಅವರ ತಂಗಿಯ ಮನೆಗೆ ಹೋಗಿ ಗಲಾಟೆ ಮಾಡೋಣ ಎಂದರು. ನಾನು ಒಪ್ಪಲಿಲ್ಲ. ಅವರ ಉಳಿತಾಯ 5,200 ನಮ್ಮಲ್ಲೇ ಇತ್ತು. ಅದನ್ನು ಸಾಲಕ್ಕೆ ಜಮಾ ಮಾಡಿ ಠರಾವು ಬರೆದೆವು. ಉಳಿದ 5,800ನ್ನು ಸಂಘದ ಬಡ್ಡಿ ಹಣದಿಂದ ತುಂಬಿ ಬ್ಯಾಂಕಿನ ಕಂತು ತಪ್ಪದಂತೆ ನೋಡಿಕೊಂಡೆವು. ಯಾರ ಕೈಯಿಂದಲೂ ಹೆಚ್ಚಿಗೆ ವಸೂಲಿ ಮಾಡಲಿಲ್ಲ. ಆಮೇಲೆ ಅವರ ಜೊತೆ ಕೆಲಸ ಮಾಡುತ್ತಿದ್ದವರ ಮೂಲಕ ಮಾತನಾಡಿಸಿದೆವು. ಗಂಡ ಬಿಟ್ಟುಹೋಗಿದ್ದರಂತೆ, ಹೇಳಲು ನಾಚಿಕೆಯಾಯಿತಂತೆ. ಫೋನಿನಲ್ಲೇ 3,000 ಕಳುಹಿಸಿದರು. 2,800 ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಹೇಳಲಾರೆ.

ಆಮೇಲೆ ಒಂದು ನಿಯಮ ಮಾಡಿದೆವು. ನಮ್ಮ ಏರಿಯಾಕ್ಕೆ ಹೊಸದಾಗಿ ಬಂದವರು ಒಂದು ವರ್ಷ ಉಳಿತಾಯ ಮಾತ್ರ ಮಾಡಬೇಕು, ಅವರಿಗೆ ದೊಡ್ಡ ಸಾಲವಿಲ್ಲ. ಬೀದಿಯ ಪರಿಚಯಕ್ಕಿಂತ ಕೆಲಸದ ಜಾಗದ ಪರಿಚಯ ಗಟ್ಟಿ ಎಂದೂ ಕಲಿತೆವು. ಮನೆ ಬದಲಾದರೂ ಕಾರ್ಖಾನೆಯ ಲೈನ್ ಅಷ್ಟು ಬೇಗ ಬದಲಾಗುವುದಿಲ್ಲ.

ಸುಬ್ಬರಾವ್, ಬಸವನಗುಡಿ

ಅನಂತ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಶಾರದಮ್ಮನವರ ಈ ಮಾತಿನಲ್ಲಿದೆ. ನಷ್ಟ ಮೊದಲು ತಟ್ಟಿದ್ದು ಸಂಘದ ಸ್ವಂತ ನಿಧಿಗೆ, ಬ್ಯಾಂಕಿಗಲ್ಲ. ಅವರು ಬ್ಯಾಂಕಿನಿಂದ ಸಾಲ ಪಡೆಯುವುದಕ್ಕಿಂತ ಮೊದಲು ಒಂದೂವರೆ ವರ್ಷ ತಮ್ಮ ಹಣವನ್ನೇ ಸಾಲ ಕೊಟ್ಟು, ವಸೂಲಿ ಮಾಡಿ ಅಭ್ಯಾಸ ಮಾಡಿದ್ದರು. ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲ ಎಂಬ ರೂಢಿ ಬಂದದ್ದೂ ಈ ಕಾರಣಕ್ಕೇ. 54,000ಕ್ಕೆ ನಾಲ್ಕು ಪಟ್ಟು ಎಂದರೆ 2,16,000. ಆ ಉಳಿತಾಯವನ್ನು ಬ್ಯಾಂಕು ಅಡವು ಎಂದು ಎಣಿಸುವುದಿಲ್ಲ, ಅದರಲ್ಲಿ ಬಹುಪಾಲು ಸದಸ್ಯರ ಕೈಯಲ್ಲೇ ಸಾಲವಾಗಿ ಓಡಾಡುತ್ತಿರುತ್ತದೆ. ಸಾಲ ಕೊಡುವುದನ್ನು ಇವರು ಬಲ್ಲರು ಎಂಬುದಕ್ಕೆ ಅದು ಪುರಾವೆ.

ಕಿರಣ್, ಯಲಹಂಕ

ಸರ್, ಸಂಘದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಜಂಟಿ ಹೊಣೆಗಾರಿಕೆ ಬೇಕೇ ಬೇಕು ಎಂಬುದನ್ನು ಒಪ್ಪಲಾರೆ. ಫಿಲಿಪ್ಪೀನ್ಸ್‌ನಲ್ಲಿ ಒಂದು ಬ್ಯಾಂಕು ಕೆಲವು ಕೇಂದ್ರಗಳಲ್ಲಿ, ಅಂದರೆ ಹಲವು ಗುಂಪುಗಳು ಒಟ್ಟಿಗೆ ಸೇರಿ ಕಂತು ಕಟ್ಟುವ ಕಡೆ, ಸಭೆಗಳನ್ನು ಹಾಗೆಯೇ ಇಟ್ಟುಕೊಂಡು, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂಬ ಷರತ್ತನ್ನು ಮಾತ್ರ ತೆಗೆದುಹಾಕಿತು. ಮರುಪಾವತಿ ಕುಸಿಯಲಿಲ್ಲ. ಗುಂಪು ಸಾಲಕ್ಕೆ ಹೆಸರಾದ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕೇ 2000ದ ನಂತರ ಆ ಷರತ್ತನ್ನು ಕೈಬಿಟ್ಟಿತು. ಕೋಲ್ಕತ್ತದ ಒಂದು ಪ್ರಯೋಗದಲ್ಲಿ, ತಿಂಗಳಿಗೊಮ್ಮೆ ಸೇರಿದ ಗುಂಪುಗಳಿಗಿಂತ ವಾರಕ್ಕೊಮ್ಮೆ ಸೇರಿದ ಗುಂಪುಗಳವರು ಮುಂದಿನ ಸಾಲದಲ್ಲಿ ಕಡಿಮೆ ಸುಸ್ತಿಯಾದರು. ಕೆಲಸ ಮಾಡುವುದು ಸಭೆ, ಚಿಕ್ಕ ಕಂತು, ಮುಂದಿನ ಸಾಲ. ಹೊಣೆಯ ಷರತ್ತಿನಿಂದ ಆಗುವುದು ಬಹುಪಾಲು ಜಗಳ.

ಸುಬ್ಬರಾವ್, ಬಸವನಗುಡಿ

ಆ ಕೇಂದ್ರಗಳು ಕಟ್ಟಿಕೊಂಡದ್ದು ಹೊಣೆಯ ಷರತ್ತು ಇದ್ದಾಗ. ಸದಸ್ಯರನ್ನು ಆರಿಸಿದ್ದೂ ಆಗಲೇ. ಆರಿಸಿದ ಮೇಲೆ ಷರತ್ತು ತೆಗೆದರೆ ಕೂಡಲೇ ಏನೂ ಆಗದಿರಬಹುದು. ಹೊಣೆಯೇ ಇಲ್ಲವೆಂದು ಮೊದಲ ದಿನದಿಂದ ಗೊತ್ತಿದ್ದರೆ ಯಾರು ಯಾರನ್ನು ಬೇಡ ಎನ್ನುತ್ತಾರೆ?

ಕಿರಣ್, ಯಲಹಂಕ

ಅದೇ ಬ್ಯಾಂಕು ಹೊಸ ಕೇಂದ್ರಗಳನ್ನು ಆರಂಭದಿಂದಲೇ ವೈಯಕ್ತಿಕ ಹೊಣೆಯ ಮೇಲೆ ನಡೆಸಿಯೂ ನೋಡಿತ್ತು ಸರ್, ಅಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೂ ಅದು ಫಿಲಿಪ್ಪೀನ್ಸ್, ಪೀಣ್ಯದಲ್ಲೂ ಹಾಗೆಯೇ ಆಗುತ್ತದೆ ಎಂದು ನಾನು ಪಟ್ಟು ಹಿಡಿಯುವುದಿಲ್ಲ.

ಈ ಊರಿನಲ್ಲಿ ನನಗೆ ನಿಜವಾಗಿ ಭಯವಿರುವುದು ಬೇರೆ ಕಡೆ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಜಾಮೀನಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಗಂಡ ಹೆಂಡತಿ ಸೇರಿ 24,000 ದುಡಿಯುವ ಮನೆಗೆ ಮಿತಿ 12,000. ನಾನು ಹೇಳಿದ 2,640ರ ಕಂತಿನ ನಾಲ್ಕು ಸಾಲ ಸೇರಿದರೂ 10,560, ಆ ಮಿತಿಯೊಳಗೇ ಇದೆ. ಉಳಿಯುವುದು 13,440. ಅದರಲ್ಲಿ ಮನೆ ಬಾಡಿಗೆ 8,000 ಹೋದರೆ ಊಟ, ಬಸ್ಸು, ಔಷಧ, ಶಾಲೆಗೆ 5,440. ಮಿತಿಯ ಲೆಕ್ಕದಲ್ಲಿ ಬಾಡಿಗೆ ಇಲ್ಲ. ಹಳ್ಳಿಯ ಸ್ವಂತ ಮನೆಗೂ ಬೆಂಗಳೂರಿನ ಬಾಡಿಗೆ ಮನೆಗೂ ಒಂದೇ ಅಳತೆ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇಂಥ ಮನೆಯಲ್ಲಿ ಕಂತು ತಪ್ಪದೆ ಬರುತ್ತಿದ್ದರೂ ಅದು ದುಡಿಮೆಯಿಂದ ಬಂದದ್ದಲ್ಲ. ಒಂದು ಸಂಸ್ಥೆಯ ಹೊಸ ಸಾಲ ಕೈಗೆ ಬಂದ ವಾರವೇ ಇನ್ನೊಂದು ಸಂಸ್ಥೆಯ ಹಳೆ ಬಾಕಿ ತೀರಿದರೆ ಅನುಮಾನಿಸಬೇಕು. ಮೂವರ ಕಂತನ್ನು ಒಬ್ಬರೇ ತಂದು ಕೊಟ್ಟರೆ, ಎಲ್ಲರ ಕಾರ್ಡೂ ಕೇಂದ್ರದ ಮುಖ್ಯಸ್ಥೆಯ ಮನೆಯಲ್ಲೇ ಇದ್ದರೆ, ಸಾಲ ಪಡೆದವರು ಒಬ್ಬರು, ಹಣ ಬಳಸಿದವರು ಇನ್ನೊಬ್ಬರು ಎಂದು ತಿಳಿಯಬೇಕು. ಗುರಿ ಮುಟ್ಟಿಸುವ ಒತ್ತಡದಲ್ಲಿ ನಮ್ಮಂಥ ಎಷ್ಟೋ ಅಧಿಕಾರಿಗಳಿಗೆ ಇದು ಕಂಡರೂ ಬಾಯಿ ಬಿಡುವ ಸ್ಥಿತಿ ಇರುವುದಿಲ್ಲ.

ಮಹದೇವ, ಕೆಂಗೇರಿ

ಅತ್ತಿಗೆಯ ಕಾರ್ಡು ನೋಡಿದೆ. ನೋಂದಾಯಿತ ಸಂಸ್ಥೆಯೇ. ಆದರೆ ಅವರು ಎರಡು ಕಾರ್ಡುಗಳ ಕಂತು ಕಟ್ಟುತ್ತಿದ್ದಾರೆ, ಅದರಲ್ಲಿ ಎರಡನೆಯದು ಕೇಂದ್ರದ ಮುಖ್ಯಸ್ಥೆಗಾಗಿ ತಮ್ಮ ಹೆಸರಿನಲ್ಲಿ ಎತ್ತಿಕೊಟ್ಟದ್ದಂತೆ. ಆಕೆ ಎರಡು ತಿಂಗಳಿಂದ ಹಣ ಕೊಟ್ಟಿಲ್ಲ.

ಕಿರಣ್, ಯಲಹಂಕ

ಮಹದೇವ ಅವರೇ, ಸಂಸ್ಥೆಯ ಕಣ್ಣಿಗೆ ಎರಡೂ ಅತ್ತಿಗೆಯವರ ಸಾಲವೇ. ಮೊದಲು ಶಾಖೆಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಕಾರ್ಡಿನ ಮೇಲೆ ದೂರು ವಿಭಾಗದ ಸಂಖ್ಯೆ ಇರುತ್ತದೆ, ಅಲ್ಲಿಯೂ ದಾಖಲಿಸಿ. ಹಣ ಆಕೆಗೆ ಹೋದದ್ದಕ್ಕೆ ಬ್ಯಾಂಕ್ ವರ್ಗಾವಣೆಯ ದಾಖಲೆ ಇದೆಯೇ ನೋಡಿ. ನಗದಾಗಿ ಕೊಟ್ಟಿದ್ದರೆ ಕಷ್ಟ. ಅದೇ ಕೇಂದ್ರದಲ್ಲಿ ಇನ್ನೂ ಯಾರಾದರೂ ಹೀಗೆ ಎತ್ತಿಕೊಟ್ಟಿದ್ದಾರೆಯೇ ವಿಚಾರಿಸಿ. ಸಾಮಾನ್ಯವಾಗಿ ಒಬ್ಬರೇ ಇರುವುದಿಲ್ಲ.

ಅನಂತ, ವಿಜಯನಗರ

ಸರ್, ಕೊನೆಯದಾಗಿ ಒಂದು ಪ್ರಶ್ನೆ. ನಮ್ಮ ಶಾಖೆಗೆ ಇನ್ನೊಂದು ಸಂಘದ ಅರ್ಜಿ ಬಂದಿದೆ. ಪುಸ್ತಕದಲ್ಲಿ ನೀವಾಗಿದ್ದರೆ ಏನು ನೋಡುತ್ತಿದ್ದಿರಿ?

ಸುಬ್ಬರಾವ್, ಬಸವನಗುಡಿ

ನಡಾವಳಿ ಪುಸ್ತಕವನ್ನು ಮೊದಲು ತೆರೆಯಿರಿ. ಆರು ತಿಂಗಳ ಸಭೆಗಳು ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ, ಒಂದೂ ಗೈರುಹಾಜರಿ ಇಲ್ಲದೆ ಇದ್ದರೆ ಅದನ್ನು ನಿಮಗಾಗಿಯೇ ಒಂದು ರಾತ್ರಿ ಕುಳಿತು ಬರೆದಿರುತ್ತಾರೆ. ಒಳಸಾಲಗಳು ಎಲ್ಲರಿಗೂ ಒಂದೇ ಮೊತ್ತವಾಗಿದ್ದರೆ ಹಂಚಿಕೊಂಡಿದ್ದಾರೆ, ಅಳೆದು ಕೊಟ್ಟಿಲ್ಲ. ನಾನು ಮುಖ್ಯವಾಗಿ ಹುಡುಕುತ್ತಿದ್ದದ್ದು ಸಾಲ ನಿರಾಕರಿಸಿದ ಅಥವಾ ಕಡಿಮೆ ಮಾಡಿದ ಒಂದು ಠರಾವನ್ನು. ಆಮೇಲೆ ಪ್ರತಿನಿಧಿಗಳನ್ನು ಬಿಟ್ಟು, ಹಿಂದೆ ಕುಳಿತ ಸದಸ್ಯೆಯೊಬ್ಬರನ್ನು, ಸಂಘದಲ್ಲಿ ಈಗ ಯಾರ ಮೇಲೆ ಎಷ್ಟು ಬಾಕಿ ಇದೆ ಎಂದು ಕೇಳಿ. ಪುಸ್ತಕ ನೋಡದೆ ಹೇಳಿದರೆ ಧೈರ್ಯವಾಗಿ ಸಹಿ ಹಾಕಬಹುದು.

ಶಾರದಾ, ಕಾಮಾಕ್ಷಿಪಾಳ್ಯ

ಸರ್, ಬಾಡಿಗೆಯನ್ನೂ ಕೇಳಿ. ಮನೆ ಬಾಡಿಗೆ ಎಷ್ಟು, ಮುಂಗಡ ಎಷ್ಟು ಕೊಟ್ಟಿದ್ದಾರೆ ಎಂದು. ದೊಡ್ಡ ಮುಂಗಡ ಕೊಟ್ಟವರು ಅಷ್ಟು ಸುಲಭವಾಗಿ ಮನೆ ಬಿಟ್ಟು ಹೋಗುವುದಿಲ್ಲ. ನಮ್ಮ ಸಂಘದಲ್ಲಿ ಈಗ ಸಾಲದ ಅರ್ಜಿಯಲ್ಲೇ ಅದನ್ನು ಬರೆಸಿಕೊಳ್ಳುತ್ತೇವೆ.